ಸಂಜೆ ಹೊತ್ತಲ್ಲಿ ಒಂದು ಆ್ಯಪ್: ಮೂರು ತಿಂಗಳ ಲೆಕ್ಕ

*"ಕೆಲಸಕ್ಕೆ ಹೋಗ್ತಾ, ಸಂಜೆ ಮಾತ್ರ ಕೂತು, ಒಬ್ಬನೇ ಮೂರು ತಿಂಗಳಲ್ಲಿ ಹ್ಯಾಬಿಟ್ ಟ್ರ್ಯಾಕರ್ ಆ್ಯಪ್ ಮಾಡೋಕೆ ಆಗುತ್ತಾ? ಯಾವಾಗ ಏನು ಮಾಡ್ಬೇಕು?"*

ಆಗುತ್ತೆ, ಆದರೆ ಲೆಕ್ಕವನ್ನು ಕೊನೆಯಿಂದ ಹಾಕಿ. ಆಂಡ್ರಾಯ್ಡ್ ಆ್ಯಪ್ ಎಂದೇ ಇಟ್ಟುಕೊಳ್ಳೋಣ. ಪ್ಲೇ ಸ್ಟೋರ್‌ಗೆ ಹೊಸದಾಗಿ ವೈಯಕ್ತಿಕ ಡೆವಲಪರ್ ಖಾತೆ ತೆರೆದವರು ಮೊದಲು ಕ್ಲೋಸ್ಡ್ ಟೆಸ್ಟ್ ನಡೆಸಬೇಕು. ಕನಿಷ್ಠ 12 ಜನ ಸತತ 14 ದಿನ ಅದರಲ್ಲಿ ಇರಬೇಕು. ಆಮೇಲಷ್ಟೇ ಎಲ್ಲರಿಗೂ ಬಿಡುಗಡೆ ಮಾಡಲು ಅರ್ಜಿ ಹಾಕಬಹುದು, ಅದರ ಪರಿಶೀಲನೆಗೂ ದಿನ ಹಿಡಿಯುತ್ತೆ. ಹಾಗಾಗಿ ಒಂಬತ್ತನೇ ವಾರಕ್ಕೆ ಟೆಸ್ಟ್ ಶುರುವಾಗಲೇಬೇಕು. ವಾರಕ್ಕೆ ಆರು ಗಂಟೆ ಸಿಕ್ಕರೆ, ಕಟ್ಟೋಕೆ ಇರುವುದು ಸುಮಾರು ಐವತ್ತು ಗಂಟೆ. ಲಾಗಿನ್, ಸರ್ವರ್, ಸ್ನೇಹಿತರ ಜೊತೆ ಪೈಪೋಟಿ, ಇವೆಲ್ಲ ಈಗ ಬೇಡ.

ಮೊದಲ ತಿಂಗಳು ಪೂರ್ತಿ ಒಂದೇ ಕೆಲಸ: ಟಿಕ್ ಹಾಕುವುದು, ಸ್ಟ್ರೀಕ್ ಸರಿಯಾಗಿ ತೋರಿಸುವುದು. ಕೇಳೋಕೆ ಸುಲಭ, ಆದರೆ ಜಾಸ್ತಿ ಕೆಡುವುದು ಇಲ್ಲೇ. ಸಮಯವನ್ನು ಯುಟಿಸಿಯಲ್ಲಿ ಉಳಿಸಿ, ಅದರಿಂದಲೇ ದಿನ ತೆಗೆದಿರಿ ಎಂದುಕೊಳ್ಳಿ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. 10ನೇ ತಾರೀಕು ಸಂಜೆ 7ಕ್ಕೆ ವಾಕಿಂಗ್ ಟಿಕ್ ಹಾಕಿದಿರಿ. 11ರಂದು ಬೆಳಗ್ಗೆ 5ಕ್ಕೇ ಹೋಗಿ ಬಂದು ಮತ್ತೆ ಹಾಕಿದಿರಿ. ಯುಟಿಸಿಯಲ್ಲಿ ಆಗ ಇನ್ನೂ 10ರ ರಾತ್ರಿ 11:30. ಎರಡೂ ಟಿಕ್ 10ಕ್ಕೇ ಬಿದ್ದು 11 ಖಾಲಿ ಉಳಿಯುತ್ತೆ, ಸ್ಟ್ರೀಕ್ ಕಡಿಯುತ್ತೆ. ಅದಕ್ಕೇ ಟಿಕ್ ಹಾಕಿದಾಗ ಫೋನಿನಲ್ಲಿದ್ದ ತಾರೀಕನ್ನೇ ಬರೆದಿಡಿ:

```sql
CREATE TABLE log (
  habit_id INTEGER NOT NULL,
  day TEXT NOT NULL, -- 2025-03-11
  PRIMARY KEY (habit_id, day)
);
```

ಸ್ಟ್ರೀಕ್ ಸಂಖ್ಯೆಯನ್ನು ಬೇರೆಯಾಗಿ ಉಳಿಸಬೇಡಿ. ಈ ಟೇಬಲ್‌ನಿಂದ ಪ್ರತಿ ಸಲ ಎಣಿಸಿ. ಆಗ ಮರೆತ ನಿನ್ನೆಯ ಟಿಕ್ ಇವತ್ತು ಹಾಕಿದರೂ ಲೆಕ್ಕ ತಾನೇ ಸರಿಹೋಗುತ್ತೆ. ಇವತ್ತಿನ ಟಿಕ್ ಇನ್ನೂ ಬಿದ್ದಿಲ್ಲ ಅಂದರೆ ನಿನ್ನೆಯಿಂದ ಹಿಂದಕ್ಕೆ ಎಣಿಸಿ. ಇಲ್ಲದಿದ್ದರೆ ಎದ್ದ ತಕ್ಷಣ ಎಲ್ಲರಿಗೂ ಸೊನ್ನೆ ಕಾಣುತ್ತೆ.

ಎರಡನೇ ತಿಂಗಳು ರಿಮೈಂಡರ್‌ಗೆ. ಆಂಡ್ರಾಯ್ಡ್ 13ರಿಂದ ನೋಟಿಫಿಕೇಷನ್‌ಗೆ `POST_NOTIFICATIONS` ಅನುಮತಿ ಕೇಳಬೇಕು. ಆ್ಯಪ್ ತೆರೆದ ಕೂಡಲೇ ಕೇಳಬೇಡಿ, ಬಳಸುವವರು ರಿಮೈಂಡರ್ ಸಮಯ ಆರಿಸಿದಾಗ ಕೇಳಿ. ಫೋನ್ ಆಫ್ ಮಾಡಿ ಆನ್ ಮಾಡಿದರೆ ಅಲಾರಂಗಳು ಅಳಿಸಿಹೋಗುತ್ತವೆ, ಮತ್ತೆ ಇಡುವ ಕೋಡ್ ನೀವೇ ಬರೆಯಬೇಕು. ಕೆಲವು ಕಂಪನಿಗಳ ಫೋನ್‌ಗಳ ಬ್ಯಾಟರಿ ಉಳಿತಾಯ ಕೂಡ ರಿಮೈಂಡರನ್ನು ತಡೆಯುತ್ತೆ. ಇದು ಎಮ್ಯುಲೇಟರ್‌ನಲ್ಲಿ ಗೊತ್ತಾಗಲ್ಲ. ಅಣ್ಣನದೋ ಅತ್ತಿಗೆಯದೋ ಫೋನಿಗೆ ಹಾಕಿ, ರಾತ್ರಿಯಿಡೀ ಮುಟ್ಟದೆ ಬಿಟ್ಟು, ಬೆಳಗ್ಗೆ ರಿಮೈಂಡರ್ ಬಂತಾ ನೋಡಿ.

ಮೂರನೇ ತಿಂಗಳು ಟೆಸ್ಟರ್‌ಗಳದ್ದು. ಹನ್ನೆರಡಲ್ಲ, ಹದಿನೈದು ಹದಿನಾರು ಜನರನ್ನು ಸೇರಿಸಿ, ನಡುವೆ ಬಿಡುವವರು ಇದ್ದೇ ಇರ್ತಾರೆ. "ಹೇಗಿದೆ?" ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಾರೆ, ಅಲ್ವಾ? "ನಿನ್ನೆ ರಿಮೈಂಡರ್ ಎಷ್ಟು ಗಂಟೆಗೆ ಬಂತು, ಯಾವ ಫೋನು?" ಅಂತ ಕೇಳಿ. ಉತ್ತರವನ್ನೂ ಅದಕ್ಕೆ ನೀವು ಮಾಡಿದ ಬದಲಾವಣೆಯನ್ನೂ ಬರೆದಿಟ್ಟುಕೊಳ್ಳಿ. ಟೆಸ್ಟರ್‌ಗಳು ಏನು ಹೇಳಿದರು, ನೀವು ಏನು ತಿದ್ದಿದಿರಿ ಎಂದು ಬಿಡುಗಡೆಯ ಅರ್ಜಿಯಲ್ಲೇ ಕೇಳುತ್ತಾರೆ.