ಭಾವನ ಕವರ್ ಲೆಟರ್‌ನಲ್ಲಿದ್ದ ಸಾವಿರದ ನೂರು ಜನ

ನಮ್ಮ ಭಾವ ಬೆಂಗಳೂರಿನ ಹೊರಗೆ, ದೊಡ್ಡಬಳ್ಳಾಪುರದ ಕಡೆ, ಒಂದು ಗಾರ್ಮೆಂಟ್ಸ್‌ನಲ್ಲಿ ಫ್ಯಾಕ್ಟರಿ ಮ್ಯಾನೇಜರ್. ಲೈನ್ ಸೂಪರ್‌ವೈಸರ್ ಆಗಿ ಸೇರಿದವರು, ಮೆಟ್ಟಿಲು ಬಿಡದೆ ಮೇಲೆ ಬಂದವರು. ಮೂರು ಫ್ಯಾಕ್ಟರಿ ಇರುವ ಇನ್ನೊಂದು ಕಂಪನಿಗೆ ಆಪರೇಷನ್ಸ್ ಹೆಡ್ ಬೇಕಾಗಿತ್ತು. ಹಾಸನದ ಕಡೆ ನಾಲ್ಕನೆಯದನ್ನು ತೆರೆಯುವ ಯೋಚನೆಯೂ ಅವರಿಗಿತ್ತು. ಭಾವ ಅರ್ಜಿ ಹಾಕಲು ಕೂತರು. ನಾನು ಕೆಲಸ ಮಾಡುವುದೇ ಫ್ಯಾಕ್ಟರಿಗಳಿಗೆ ಮೇಲಿನ ಹಂತದವರನ್ನು ಹುಡುಕಿಕೊಡುವ ಕನ್ಸಲ್ಟೆನ್ಸಿಯಲ್ಲಿ. ಹಾಗಾಗಿ ಒಂದು ಭಾನುವಾರ ಅಕ್ಕ ಫೋನ್ ಮಾಡಿ, "ಊಟಕ್ಕೆ ಬಾ, ಹಾಗೇ ನಿಮ್ಮ ಭಾವನ ಲೆಟರ್ ಒಂದು ನೋಡು" ಅಂದಳು. ಯಾವುದಕ್ಕೆ ಕರೆದದ್ದು ಅಂತ ಇಬ್ಬರಿಗೂ ಗೊತ್ತಿತ್ತು.

ಪತ್ರ ಒಂದೇ ಪುಟ, ನೋಡಲು ಚೆನ್ನಾಗಿಯೇ ಇತ್ತು. 1,100 ಜನರ ತಂಡದ ನಾಯಕತ್ವ. ದೂರದೃಷ್ಟಿಯ ಕಾರ್ಯತಂತ್ರದಿಂದ ಎಫಿಷಿಯನ್ಸಿ 45ರಿಂದ 55 ಪರ್ಸೆಂಟ್. ಏರ್ ಶಿಪ್‌ಮೆಂಟ್ ಖರ್ಚಿನಲ್ಲಿ ಒಂದು ಕೋಟಿಗೂ ಜಾಸ್ತಿ ಉಳಿತಾಯ. ತಂಡ, ತಂತ್ರ, ಫಲಿತಾಂಶ, ಮೂರೂ ಇದ್ದವು. ಸುಳ್ಳು ಒಂದೂ ಇರಲಿಲ್ಲ. ಆದರೆ ಇಂಥ ಪತ್ರ ಓದುವ ಮಾಲೀಕರಿಗೆ ಪ್ರತಿ ಅಂಕಿಯ ಪಕ್ಕದಲ್ಲೂ ಒಂದೇ ಪ್ರಶ್ನೆ ಏಳುತ್ತದೆ: ಇದರಲ್ಲಿ ನಿನ್ನದೆಷ್ಟು? ಅವರು ಇಂಟರ್‌ವ್ಯೂ ತನಕ ಕಾಯುವುದೂ ಇಲ್ಲ. ಉತ್ತರ ಪತ್ರದಲ್ಲೇ ಕಾಣದಿದ್ದರೆ ಪಕ್ಕಕ್ಕೆ ಇಡುತ್ತಾರೆ, ಅಷ್ಟೇ.

"ಸಾವಿರದ ನೂರರಲ್ಲಿ ನಿಮಗೆ ನೇರವಾಗಿ ರಿಪೋರ್ಟ್ ಮಾಡೋರು ಎಷ್ಟು ಜನ ಭಾವ?"

"ಏಳು ಜನ. ಪ್ರೊಡಕ್ಷನ್, ಕಟಿಂಗ್, ಫಿನಿಷಿಂಗ್, ಕ್ವಾಲಿಟಿ, ಪ್ಲಾನಿಂಗ್, ಐಇ, ಮೆಯಿಂಟೆನೆನ್ಸ್."

"ಕಾಂಟ್ರಾಕ್ಟ್‌ನವರು?"

ಸೆಕ್ಯೂರಿಟಿ, ಕ್ಯಾಂಟೀನ್, ಲೋಡಿಂಗ್ ಎಲ್ಲ ಸೇರಿ 130 ಜನ ಕಾಂಟ್ರಾಕ್ಟರ್ ಕಡೆಯವರು. ಅವರ ಸಂಬಳವೂ ರಜೆಯೂ ಭಾವನ ಕೈಯಲ್ಲಿಲ್ಲ. ತೆಗೆದರೆ 970 ಉಳಿಯಿತು. ದುಂಡಗಿನ ಸಂಖ್ಯೆ ಹೋಯಿತಲ್ಲ ಅಂತ ಅವರಿಗೆ ಸ್ವಲ್ಪ ಬೇಜಾರಾಯಿತು. ನಿಜ ಹೇಳಬೇಕೆಂದರೆ ಈ ಹುದ್ದೆಗೆ 970 ಆದರೂ 1,100 ಆದರೂ ವ್ಯತ್ಯಾಸವೇ ಇಲ್ಲ. ಫ್ಯಾಕ್ಟರಿ ಮ್ಯಾನೇಜರ್ ಬೆಳಿಗ್ಗೆ ಎದ್ದು ಫ್ಲೋರ್‌ಗೆ ಹೋಗುತ್ತಾನೆ, ಯಾವ ಲೈನ್ ನಿಂತಿದೆ ಅಂತ ಕಣ್ಣಲ್ಲೇ ನೋಡುತ್ತಾನೆ. ಮೂರು ಫ್ಯಾಕ್ಟರಿ ನೋಡಿಕೊಳ್ಳುವವನು ಯಾವ ದಿನವೂ ಎರಡು ಕಡೆ ಇರುವುದಿಲ್ಲ. ತಾನಿಲ್ಲದ ಜಾಗದಲ್ಲಿ ಕೆಲಸ ಸರಿಯಾಗಿ ನಡೆಯುವ ಹಾಗೆ ಮಾಡಬಲ್ಲನೇ ಅನ್ನೋದನ್ನೇ ಅವರು ಹುಡುಕುವುದು. ತಲೆ ಎಣಿಕೆಯಲ್ಲಿ ಅದು ಸಿಗುವುದಿಲ್ಲ.

ಹಾಗೆ ಕೇಳುತ್ತಾ ಹೋದಾಗ ಪತ್ರದಲ್ಲಿ ಇಲ್ಲವೇ ಇಲ್ಲದ ಒಂದು ವಿಷಯ ಹೊರಬಂತು. ಜಾಗ ಸಾಲದೆ ಫಿನಿಷಿಂಗ್ ಸೆಕ್ಷನ್ ಅನ್ನು ಆರು ಕಿಲೋಮೀಟರ್ ದೂರದ ಬೇರೆ ಕಟ್ಟಡಕ್ಕೆ ಸಾಗಿಸಿದ್ದರಂತೆ. 140 ಜನ. ಇಸ್ತ್ರಿ, ಚೆಕಿಂಗ್, ಪ್ಯಾಕಿಂಗ್ ಎಲ್ಲ ಅಲ್ಲಿಯೇ. ಭಾವ ವಾರಕ್ಕೆರಡು ಸಲ ಮಾತ್ರ ಹೋಗುತ್ತಿದ್ದರು. ಟೈಲರ್ ಆಗಿ ಸೇರಿ ಸೂಪರ್‌ವೈಸರ್ ಆಗಿದ್ದ ಒಬ್ಬಾಕೆಯನ್ನು ಅಲ್ಲಿನ ಇನ್‌ಚಾರ್ಜ್ ಮಾಡಿದ್ದರು. ದಿನಾ ಸಂಜೆ ಆಕೆ ಮೂರೇ ಅಂಕಿ ಕಳಿಸುತ್ತಿದ್ದರು: ಎಷ್ಟು ಪೀಸ್ ಪ್ಯಾಕ್ ಆಯಿತು, ಎಷ್ಟು ರಿಪೇರಿಗೆ ವಾಪಸ್ ಹೋಯಿತು, ನಾಳೆಗೆ ಎಷ್ಟು ಬೇಕು. ಒಂದೂವರೆ ವರ್ಷ ಹಾಗೆ ನಡೆಯಿತು.

"ಇದನ್ಯಾಕೆ ಬರೆದಿಲ್ಲ?"

"ಅಯ್ಯೋ, ಅದು ಜಾಗ ಇಲ್ಲದ್ದಕ್ಕೆ ಮಾಡಿದ್ದು ಕಣಮ್ಮ. 140 ಜನ ಅಂತ ಏನು ಬರೆಯೋದು?"

ಅದೇ ಮೊದಲ ಪ್ಯಾರಾಕ್ಕೆ ಬಂತು.

ಆಮೇಲೆ ಆ ಹತ್ತು ಪರ್ಸೆಂಟ್. ಗಾರ್ಮೆಂಟ್ಸ್ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಪ್ರತಿ ಬಟ್ಟೆಗೂ ಹೊಲಿಗೆಗೆ ಇಷ್ಟು ನಿಮಿಷ ಅಂತ ಐಇ, ಅಂದರೆ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ವಿಭಾಗದವರು ಅಳೆದು ಇಟ್ಟಿರುತ್ತಾರೆ. ಅದಕ್ಕೆ ಸ್ಯಾಮ್ ಅನ್ನುತ್ತಾರೆ. ಭಾವನ ಒಂದು ಲೈನ್‌ನಲ್ಲಿ 40 ಟೈಲರ್‌ಗಳು, ದಿನಕ್ಕೆ 480 ನಿಮಿಷ. ಒಟ್ಟು 19,200 ನಿಮಿಷ. ಶರ್ಟಿನ ಸ್ಯಾಮ್ 20 ನಿಮಿಷ ಅಂದುಕೊಂಡರೆ ನೂರಕ್ಕೆ ನೂರು ನಡೆದರೆ 960 ಶರ್ಟ್ ಬರಬೇಕು. ಬರುತ್ತಿದ್ದದ್ದು 432. ಅದು 45 ಪರ್ಸೆಂಟ್. ಈಗ 528 ಬರುತ್ತಿದೆ, ಅದು 55. ಅದೇ ಜನ, ಅದೇ ಮಷೀನ್, ದಿನಕ್ಕೆ 96 ಶರ್ಟ್ ಜಾಸ್ತಿ. ಹೀಗೆ ಹೇಳಿದರೆ ಯಾವ ಮಾಲೀಕನಿಗೂ ಅರ್ಥವಾಗುತ್ತದೆ.

ಆದರೆ ಅನುಭವ ಇರುವ ಮಾಲೀಕ ತಕ್ಷಣ ಇನ್ನೊಂದು ಕೇಳುತ್ತಾನೆ. ಎಫಿಷಿಯನ್ಸಿ ಏರುವುದಕ್ಕೆ ಒಂದು ಸುಲಭದ ದಾರಿ ಇದೆ. ಸರಳ ಸ್ಟೈಲ್, ದೊಡ್ಡ ಆರ್ಡರ್ ಸಿಕ್ಕಿದರೆ ಸಾಕು, ಯಾರು ಮ್ಯಾನೇಜರ್ ಆಗಿದ್ದರೂ ಏರುತ್ತದೆ. ಹೊಸ ಸ್ಟೈಲ್ ಲೈನಿಗೆ ಹಾಕಿದ ಮೊದಲ ದಿನಗಳಲ್ಲಿ ಕೈ ಓಡುವುದಿಲ್ಲ, ಔಟ್‌ಪುಟ್ ನೆಲಕಚ್ಚುತ್ತದೆ. ಕೈ ಕುದುರುವಷ್ಟರಲ್ಲಿ ಸಣ್ಣ ಆರ್ಡರ್ ಮುಗಿದೇ ಹೋಗಿರುತ್ತದೆ. ಮತ್ತೆ ಹೊಸದು, ಮತ್ತೆ ಕೆಳಗೆ. ನಿಮ್ಮ ಹತ್ತು ಪರ್ಸೆಂಟ್ ನಿಮ್ಮ ಕೆಲಸವೋ, ಆರ್ಡರ್ ಪುಣ್ಯವೋ?

ಭಾವನಿಗೆ ಸ್ವಲ್ಪ ಸಿಟ್ಟೇ ಬಂತು. "ಆ ಆರ್ಡರ್ ಸುಮ್ನೆ ಬಂತಾ? ನಾನು ಜಗಳ ಮಾಡಿ ತರಿಸಿದ್ದು."

ನನಗೆ ಬೇಕಾಗಿದ್ದದ್ದೇ ಆ ಜಗಳ. ಆಗಿದ್ದು ಹೀಗೆ: ಹದಿನಾರು ಲೈನ್‌ಗಳಲ್ಲಿ ಯಾವ ಲೈನಿಗೆ ಯಾವುದು ಬೇಕಾದರೂ ಹಾಕುತ್ತಿದ್ದರು. ಭಾವ ಹತ್ತು ಲೈನ್‌ಗಳನ್ನು ಶರ್ಟಿಗೆ ಮಾತ್ರ ಅಂತ ಮೀಸಲಿಟ್ಟರು. ನಾಲ್ಕು ಲೈನ್ ಹೆಂಗಸರ ಟಾಪ್‌ಗಳಿಗೆ. ಉಳಿದ ಎರಡನ್ನು ಸಣ್ಣ ಲೈನ್ ಮಾಡಿ, ಎಲ್ಲ ಕೆಲಸ ಬಲ್ಲ ಟೈಲರ್‌ಗಳನ್ನು ಅಲ್ಲಿ ಕೂರಿಸಿದರು. 3,000 ಪೀಸಿಗಿಂತ ಕಡಿಮೆ ಇರುವ ಆರ್ಡರ್ ಬಂದರೆ ಆ ಎರಡಕ್ಕೆ ಮಾತ್ರ. ಅಲ್ಲಿ ಜಾಗ ಇಲ್ಲ ಅಂದರೆ ಆರ್ಡರ್ ಬೇಡ. ಈ ಕೊನೆಯ ಮಾತಿಗೆ ಮಾರ್ಕೆಟಿಂಗ್‌ನವರು ಕುದ್ದುಹೋದರು. ಇಬ್ಬರು ಚಿಕ್ಕ ಬೈಯರ್‌ಗಳು ಕೈಬಿಟ್ಟು ಹೋದರು. ಹೋದ ಜಾಗಕ್ಕೆ ಹಳೆಯ ಬೈಯರ್‌ನ ರಿಪೀಟ್ ಆರ್ಡರ್ ತುಂಬಿಕೊಳ್ಳಲು ಎರಡು ಸೀಸನ್ ಬೇಕಾಯಿತು. ಅಷ್ಟು ದಿನ ಎಂಡಿ ಮುಂದೆ ನಿಂತು ಉತ್ತರ ಕೊಟ್ಟವರು ಭಾವನೇ.

ಪತ್ರದಲ್ಲಿದ್ದ "ದೂರದೃಷ್ಟಿಯ ಕಾರ್ಯತಂತ್ರ" ಅಂದರೆ ಇದು. ಏನನ್ನು ಬಿಟ್ಟರು ಅಂತ ಬರೆಯದೆ ತಂತ್ರ ಅಂದರೆ ಓದುವವರಿಗೆ ಏನೂ ಕಾಣುವುದಿಲ್ಲ. ನನ್ನ ಮೇಜಿಗೆ ಬರುವ ಪತ್ರಗಳಲ್ಲಿ ಈ ಭಾಗವೇ ತೀರಾ ಪೇಲವ. ಎಲ್ಲರೂ ಎಲ್ಲವನ್ನೂ ಸುಧಾರಿಸಿರುತ್ತಾರೆ, ಯಾರೂ ಏನನ್ನೂ ಬೇಡ ಅಂದಿರುವುದಿಲ್ಲ.

ಆದರೂ ಹತ್ತರಲ್ಲಿ ಎಷ್ಟು ಆರ್ಡರ್‌ನಿಂದ, ಎಷ್ಟು ಫ್ಲೋರ್ ಸುಧಾರಣೆಯಿಂದ ಅಂತ ಬೇರೆ ಮಾಡಲು ದಾರಿ ಇತ್ತು. ಬದಲಾವಣೆಗೆ ಮುಂಚೆ ಮತ್ತು ಆಮೇಲೆ, ಎರಡೂ ಕಾಲದಲ್ಲಿ ಹೊಲಿದ ಒಂದೇ ಸ್ಟೈಲ್ ಬೇಕು. ಆರ್ಡರ್ ಗಾತ್ರವೂ ಹತ್ತಿರಹತ್ತಿರ ಇರಬೇಕು. ಭಾವ ಲ್ಯಾಪ್‌ಟಾಪ್ ತೆಗೆದು ಹಳೆಯ ಶೀಟುಗಳಲ್ಲಿ ಹುಡುಕಿದರು. ಒಂದು ಬಿಳಿ ಶರ್ಟ್ ಸಿಕ್ಕಿತು, ಅದೇ ಕಾಲರ್, ಅದೇ ಕಫ್. ಆಗ 47, ಈಗ 53. ಅಂದರೆ ಹತ್ತರಲ್ಲಿ ಆರರಷ್ಟು ಫ್ಲೋರ್‌ನಲ್ಲಿ ಆದದ್ದು ಅಂತ ಧೈರ್ಯವಾಗಿ ಹೇಳಬಹುದು. ಉಳಿದದ್ದು ಆರ್ಡರ್ ಆಯ್ಕೆಯಿಂದ. ಒಂದೇ ಸ್ಟೈಲ್‌ನ ಸಾಕ್ಷಿ ಪೂರ್ತಿ ಸಾಕ್ಷಿಯೇನಲ್ಲ. ಆದರೆ ಬರೀ 45ರಿಂದ 55 ಅಂದಾಗ ಇದೂ ಇರಲಿಲ್ಲ.

ಕೋಟಿ ರೂಪಾಯಿಯ ಉಳಿತಾಯದ ಗತಿ ಇನ್ನೂ ಕಷ್ಟ. ಹಡಗಿನಲ್ಲಿ ಹೋಗಬೇಕಾದ ಸರಕು ಫ್ಯಾಕ್ಟರಿಯ ತಪ್ಪಿನಿಂದ ತಡವಾದರೆ, ಫ್ಯಾಕ್ಟರಿಯೇ ದುಡ್ಡು ಕೊಟ್ಟು ವಿಮಾನದಲ್ಲಿ ಕಳಿಸಬೇಕಾಗುತ್ತದೆ. ಲಾಭವೆಲ್ಲ ಅಲ್ಲೇ ಸೋರಿ ಹೋಗುತ್ತದೆ. ಭಾವ 2021-22ರ ಖರ್ಚನ್ನು 2023-24ಕ್ಕೆ ಹೋಲಿಸಿದ್ದರು. ಕೋವಿಡ್ ನಂತರ ಏರ್ ಫ್ರೈಟ್ ದರ ಆಕಾಶಕ್ಕೆ ಏರಿತ್ತು, 2023ರ ಹೊತ್ತಿಗೆ ಇಳಿದಿತ್ತು. ಏನೂ ಮಾಡದೆ ಕೂತಿದ್ದರೂ ಖರ್ಚು ಒಂದಷ್ಟು ಇಳಿಯುತ್ತಿತ್ತು ಅಲ್ವಾ? ರಫ್ತು ಮಾಡುವ ಯಾವ ಮಾಲೀಕನಿಗೂ ಆ ಎರಡು ವರ್ಷ ಮರೆತಿಲ್ಲ.

"ಹಾಗಾದ್ರೆ ಇದನ್ನು ತೆಗೆದುಬಿಡೋಣ" ಅಂದರು ಭಾವ.

ತೆಗೆಯಬೇಕಿಲ್ಲ, ರೂಪಾಯಿ ಬಿಟ್ಟು ಪೀಸ್ ಲೆಕ್ಕ ಹಾಕಿದರೆ ಸಾಕು. ದರ ಏರಲಿ ಇಳಿಯಲಿ, ನೂರರಲ್ಲಿ ಎಷ್ಟು ಪೀಸ್ ವಿಮಾನ ಹತ್ತಿತು ಅನ್ನೋದು ಬದಲಾಗುವುದಿಲ್ಲ. ಲೆಕ್ಕ ಮಾಡಿದಾಗ 6 ಇದ್ದದ್ದು 2ಕ್ಕೆ ಇಳಿದಿತ್ತು. ಇದರಲ್ಲಿ ಇನ್ನೊಂದು ಅನುಕೂಲವೂ ಇತ್ತು. ಈಗಿನ ಕಂಪನಿಯ ಖರ್ಚಿನ ಗುಟ್ಟು ಹೊರಗೆ ಹೋಗುವುದಿಲ್ಲ. ಬೈಯರ್‌ಗಳ ಹೆಸರನ್ನೂ ಅದೇ ಕಾರಣಕ್ಕೆ ತೆಗೆಸಿದೆ. ಹಳೆಯ ಮನೆಯ ಲೆಕ್ಕ ಹರಡುವವನು ನಾಳೆ ನಮ್ಮದನ್ನೂ ಹರಡುತ್ತಾನೆ ಅಂತ ಓದುವವರಿಗೆ ಅನಿಸದೇ ಇರುವುದಿಲ್ಲ.

ಜಾಹೀರಾತಿನಲ್ಲಿ ಲಾಭ-ನಷ್ಟದ ಪೂರ್ಣ ಹೊಣೆ ಹೊತ್ತ ಅನುಭವ ಬೇಕು ಅಂತಿತ್ತು. ಭಾವನಿಗೆ ಅದಿಲ್ಲ. ಬಟ್ಟೆಯ ಖರೀದಿ ಬೆಲೆಯೂ ಬೈಯರ್ ಬೆಲೆಯೂ ಅವರ ಕೈಯಲ್ಲಿಲ್ಲ. ಸಂಬಳ, ಓಟಿ, ಕರೆಂಟು, ಬಿಡಿಭಾಗ, ಇವುಗಳ ಬಜೆಟ್ ಮಾತ್ರ ಅವರದು. ಹಾಗೇ ಬರೆದೆವು. ಗ್ರಾಸ್ ಮಾರ್ಜಿನ್ ಎಷ್ಟಿತ್ತು ಅಂತ ಕೇಳಿದರೆ ಸಿಕ್ಕಿಬೀಳುವ ಮಾತನ್ನು ಬರೆದು ಪ್ರಯೋಜನವಿಲ್ಲ.

ಪತ್ರ ಇಂಗ್ಲಿಷಿನಲ್ಲೇ ಹೋಯಿತು. ಅದರ ನಡುವಿನ ಭಾಗ ಸುಮಾರಾಗಿ ಹೀಗಿತ್ತು:

"ಹದಿನಾರು ಲೈನ್, 970 ಉದ್ಯೋಗಿಗಳಿರುವ ಫ್ಯಾಕ್ಟರಿಯನ್ನು ಏಳು ವಿಭಾಗ ಮುಖ್ಯಸ್ಥರ ಮೂಲಕ ನಡೆಸುತ್ತಿದ್ದೇನೆ. ಆರು ಕಿಲೋಮೀಟರ್ ದೂರದ, 140 ಜನರ ಫಿನಿಷಿಂಗ್ ಘಟಕವನ್ನು ಒಂದೂವರೆ ವರ್ಷ ದೂರದಿಂದಲೇ ನಡೆಸಿದ್ದೇನೆ. ಅಲ್ಲಿನ ಇನ್‌ಚಾರ್ಜ್ ನಮ್ಮಲ್ಲೇ ಟೈಲರ್ ಆಗಿ ಸೇರಿ ಬೆಳೆದವರು. ಲೈನ್‌ಗಳನ್ನು ಉತ್ಪನ್ನಕ್ಕೆ ಮೀಸಲಿಟ್ಟು, ದೊಡ್ಡ ಲೈನ್‌ಗಳಿಗೆ 3,000 ಪೀಸಿಗಿಂತ ಚಿಕ್ಕ ಆರ್ಡರ್ ನಿಲ್ಲಿಸಿದೆವು. ಇದರಿಂದ ಇಬ್ಬರು ಬೈಯರ್‌ಗಳು ಹೋದರು. ಎರಡು ವರ್ಷದಲ್ಲಿ ಎಫಿಷಿಯನ್ಸಿ 45ರಿಂದ 55ಕ್ಕೆ ಬಂತು. ಒಂದೇ ಸ್ಟೈಲ್ ಹೋಲಿಸಿದರೆ 47ರಿಂದ 53. ವಿಮಾನದಲ್ಲಿ ಹೋಗುವ ಪೀಸ್ 6 ಪರ್ಸೆಂಟಿನಿಂದ 2ಕ್ಕೆ ಇಳಿಯಿತು."

ಓದಿ ಅಕ್ಕ, "ಇಬ್ಬರು ಬೈಯರ್ ಹೋದ್ರು ಅಂತ ನೀವೇ ಯಾಕೆ ಹೇಳ್ಕೋತೀರ?" ಅಂದಳು. ಭಾವನಿಗೂ ಆ ಸಾಲು ಚುಚ್ಚುತ್ತಲೇ ಇತ್ತು. ಇರಲಿ ಅಂತ ನಾನು ಹಟ ಹಿಡಿದೆ.

ಕರೆ ಬಂತು. ಮಾತಾಡಿಸಿದ್ದು ಮಾಲೀಕರ ಮಗಳು. ಜನ ಎಷ್ಟು ಅಂತ ಕೇಳಲೇ ಇಲ್ಲವಂತೆ. ಆ ಇಬ್ಬರು ಬೈಯರ್‌ಗಳ ವಿಷಯಕ್ಕೇ ಅರ್ಧ ಗಂಟೆ ಹೋಯಿತು. ಆರ್ಡರ್ ಬೇಡ ಅನ್ನುವ ಅಧಿಕಾರ ನಿಮಗೆ ಯಾರು ಕೊಟ್ಟರು, ಎಂಡಿ ಒಪ್ಪದಿದ್ದರೆ ಏನು ಮಾಡುತ್ತಿದ್ದಿರಿ, ಖಾಲಿ ಲೈನಿನ ಟೈಲರ್‌ಗಳನ್ನು ಆ ಎರಡು ಸೀಸನ್ ಹೇಗೆ ಉಳಿಸಿಕೊಂಡಿರಿ. ಕೊನೆಯ ಪ್ರಶ್ನೆಗೆ ಭಾವನ ಹತ್ತಿರ ಅಂಥಾ ಒಳ್ಳೆಯ ಉತ್ತರ ಇರಲಿಲ್ಲ. ಮೂವತ್ತು ಚಿಲ್ಲರೆ ಜನ ಬಿಟ್ಟು ಹೋಗಿದ್ದರು. ಇದ್ದದ್ದನ್ನು ಇದ್ದ ಹಾಗೇ ಹೇಳಿದರಂತೆ. ಎರಡನೇ ಸುತ್ತು ಹಾಸನದಲ್ಲಿ, ಹೊಸ ಜಾಗ ನೋಡಿಕೊಂಡು ಮಾತಾಡೋಣ ಅಂದಿದ್ದಾರೆ. ಭಾವ ಈಗ ಸುತ್ತಲಿನ ಯಾವ್ಯಾವ ಹಳ್ಳಿಗಳಿಂದ ಟೈಲರ್‌ಗಳನ್ನು ಬಸ್ಸಿನಲ್ಲಿ ಕರೆತರಬಹುದು ಅಂತ ಮ್ಯಾಪ್ ಹಿಡಿದು ಕೂತಿದ್ದಾರೆ.