E0 ಎಂದರೆ ಮೂರು ಬೈಟ್: ಇಪ್ಪತ್ತಕ್ಕೆ ತುಂಡಾದ ಲಕ್ಷ್ಮಮ್ಮ

ಸಹಕಾರ ಸಂಘಗಳ ಲೆಕ್ಕಪತ್ರದ ತಂತ್ರಾಂಶ ನೋಡಿಕೊಳ್ಳುವುದು ನಮ್ಮ ತಂಡದ ಕೆಲಸ. ಸದಸ್ಯರ ಪಟ್ಟಿಯನ್ನು ಇನ್ನೊಂದು ವ್ಯವಸ್ಥೆಗೆ ಕಳಿಸುವ ಕಡತದಲ್ಲಿ ಪ್ರತಿ ಅಂಕಣಕ್ಕೂ ಅಳತೆ ಗೊತ್ತುಮಾಡಿದೆ: ಹೆಸರಿಗೆ 20 ಬೈಟ್, ಅದಕ್ಕೆ ಅಂಟಿಕೊಂಡೇ ಸದಸ್ಯ ಸಂಖ್ಯೆ. ಇಂಗ್ಲಿಷ್ ಹೆಸರುಗಳಿದ್ದಷ್ಟು ಕಾಲ ಯಾರೂ ತಕರಾರು ಎತ್ತಲಿಲ್ಲ. ಕನ್ನಡದಲ್ಲಿ ಹೆಸರು ತುಂಬಲು ಶುರುಮಾಡಿದ ಮೇಲೆ ಒಂದು ಸಂಘದಿಂದ ದೂರು ಬಂತು: ಹೆಸರಿನ ಬಾಲದಲ್ಲಿ ಕಪ್ಪು ವಜ್ರದೊಳಗೊಂದು ಪ್ರಶ್ನಾರ್ಥಕ ಚಿಹ್ನೆ ಕಾಣುತ್ತಿದೆ, ಕೆಲವರ ಸದಸ್ಯ ಸಂಖ್ಯೆಯಲ್ಲಿ ಮೊದಲ ಅಂಕಿಯೇ ಇಲ್ಲ.

ಫಾಂಟ್ ಸರಿಯಿಲ್ಲ ಎಂಬ ಮಾತು ಕೂಡಲೇ ಬಂತು. ಕನ್ನಡ ಎಲ್ಲಿ ಕೆಟ್ಟರೂ ಬೈಗುಳ ಮೊದಲು ಫಾಂಟಿಗೇ. ಆದರೆ ಫಾಂಟ್ ಅಂಕಿಯನ್ನು ನುಂಗುವುದಿಲ್ಲ. ಇಂಥ ದೂರು ಬಂದಾಗ ನಾನು ಪರದೆಯ ಮೇಲಿನ ಅಕ್ಷರವನ್ನು ನಂಬದೆ ಬೈಟುಗಳನ್ನು ನೋಡುತ್ತೇನೆ. ಒಂದೇ ಅಕ್ಷರದಿಂದ ಶುರುಮಾಡೋಣ:

```
$ printf 'ಕ' | xxd -p
e0b295
$ printf 'ಕ' | xxd -b
00000000: 11100000 10110010 10010101
```

ಇಲ್ಲಿ `echo` ಬಳಸಿದರೆ ಕೊನೆಯಲ್ಲಿ ಸಾಲು ಮುರಿಯುವ `0a` ಸೇರಿಕೊಳ್ಳುತ್ತದೆ, ಒಂದಕ್ಷರಕ್ಕೆ ನಾಲ್ಕು ಬೈಟ್ ಎಂದು ಹೊಸಬರು ಗಾಬರಿಯಾಗುತ್ತಾರೆ. `hexdump` ಎಂದಷ್ಟೇ ಕೊಟ್ಟರೆ ನಮ್ಮ ಸಾಮಾನ್ಯ ಕಂಪ್ಯೂಟರುಗಳಲ್ಲಿ ಜೋಡಿ ಬೈಟುಗಳು ತಿರುಗುಮುರುಗಾಗಿ `b2e0 0095` ಎಂದು ಕಾಣುತ್ತದೆ. `hexdump -C` ಕೊಡಬೇಕು.

ಈಗ ಮೊದಲ ಬೈಟನ್ನು ನೋಡಿ: `11100000`. ಕಡತ ಇರುವ ಯುಟಿಎಫ್-8 ಪದ್ಧತಿಯಲ್ಲಿ, ಎಡಗಡೆಯಿಂದ ಸೊನ್ನೆ ಸಿಗುವವರೆಗೆ ಎಷ್ಟು ಒಂದುಗಳಿವೆ ಎಂದು ಎಣಿಸಿದರೆ ಆ ಅಕ್ಷರದ ಒಟ್ಟು ಬೈಟುಗಳ ಸಂಖ್ಯೆ ಸಿಗುತ್ತದೆ. ಮೂರು ಒಂದುಗಳಿವೆ, ಆದ್ದರಿಂದ ತನ್ನನ್ನೂ ಸೇರಿಸಿ ಮೂರು ಬೈಟ್. ಹಿಂದೆ ಬರುವ ಎರಡೂ ಬೈಟುಗಳು `10` ಎಂದು ಶುರುವಾಗುತ್ತವೆ. ‘ನಾನು ಆರಂಭವಲ್ಲ, ಮುಂದುವರಿಕೆ’ ಎನ್ನುವ ಗುರುತು ಅದು. ಈ ಗುರುತುಗಳನ್ನು ತೆಗೆದುಹಾಕಿ ಉಳಿದ ಬಿಟ್‌ಗಳನ್ನು ಸಾಲಾಗಿ ಜೋಡಿಸಿದರೆ `0000 110010 010101`, ಅಂದರೆ 0C95. ಯೂನಿಕೋಡ್ ಪಟ್ಟಿಯಲ್ಲಿ ‘ಕ’ ಇರುವ ಸ್ಥಾನ ಅದೇ.

ಹೆಕ್ಸ್‌ನಲ್ಲಿ ಓದುವಾಗ ಬಿಟ್‌ಗಳವರೆಗೂ ಹೋಗಬೇಕಿಲ್ಲ, ಬೈಟಿನ ಮೊದಲ ಅಂಕಿಯೇ ಎಲ್ಲ ಹೇಳಿಬಿಡುತ್ತದೆ. 0ಯಿಂದ 7ರವರೆಗೆ ಇದ್ದರೆ ಒಂದೇ ಬೈಟಿನ ಅಕ್ಷರ; ಇಂಗ್ಲಿಷ್ ಅಕ್ಷರಗಳೂ 0–9 ಅಂಕಿಗಳೂ ಇಲ್ಲಿವೆ. `c` ಅಥವಾ `d` ಇದ್ದರೆ ಎರಡು, `e` ಇದ್ದರೆ ಮೂರು, `f` ಇದ್ದರೆ ನಾಲ್ಕು. 8, 9, `a`, `b` ಇದ್ದರೆ ಮುಂದುವರಿಕೆ. ಕನ್ನಡದ ವಿಭಾಗ 0C80ರಿಂದ 0CFFವರೆಗೆ ಇರುವುದರಿಂದ ನಮ್ಮ ಪ್ರತಿ ಸಂಕೇತವೂ `e0 b2` ಅಥವಾ `e0 b3` ಎಂದೇ ಆರಂಭವಾಗುತ್ತದೆ. ಕನ್ನಡದ ಕಡತವನ್ನು ಹಳೆಯ ವಿಂಡೋಸ್ ಸಂಕೇತದಲ್ಲಿ ತೆರೆದಾಗ ಕಾಣುವ `à²•` ಎಂಬ ವಿಕಾರಕ್ಕೂ ಇದೇ ಕಾರಣ: ಒಂದೊಂದು ಬೈಟೂ ಒಂದೊಂದು ಅಕ್ಷರವಾಗಿ ಕಾಣಿಸಿಕೊಂಡಿರುತ್ತದೆ. `à²` ಸಾಲುಸಾಲಾಗಿ ಕಂಡರೆ ಮೂಲ ಕನ್ನಡ, `à°` ಕಂಡರೆ ತೆಲುಗು ಎಂದು ನಮ್ಮಲ್ಲಿ ಈಗ ಕಣ್ಣಳತೆಯಲ್ಲೇ ಹೇಳುತ್ತಾರೆ.

ದೂರಿಗೆ ಬರೋಣ. ಲಕ್ಷ್ಮಮ್ಮ ಎಂಬ ಹೆಸರಿನಲ್ಲಿ ಕಣ್ಣಿಗೆ ಕಾಣುವುದು ಮೂರು ಅಕ್ಷರ. ಕಂಪ್ಯೂಟರಿಗೆ ಅದು ಲ, ಕ, ್, ಷ, ್, ಮ, ಮ, ್, ಮ ಎಂಬ ಒಂಬತ್ತು ಸಂಕೇತ. ತಲಾ ಮೂರರಂತೆ 27 ಬೈಟ್. ಅದನ್ನು 20ಕ್ಕೆ ಕತ್ತರಿಸಿ, ಪಕ್ಕದಲ್ಲಿ 0047 ಎಂಬ ಸದಸ್ಯ ಸಂಖ್ಯೆ ಇಟ್ಟಾಗ ಕಡತದಲ್ಲಿ ಹೀಗಿತ್ತು (ನಡುವಿನ ಜಾಗ ಓದಲೆಂದು ನಾನು ಬಿಟ್ಟದ್ದು):

```
e0b2b2 e0b295 e0b38d e0b2b7 e0b38d e0b2ae
e0b2 30 30 34 37
```

ಮೊದಲ ಸಾಲಿನ ಆರು ಸಂಕೇತಗಳು ಪೂರ್ತಿ ಇವೆ, ‘ಲಕ್ಷ್ಮ’ದವರೆಗೆ. ಎರಡನೆಯ ಸಾಲಿನಲ್ಲಿ `e0` ಮೂರು ಬೈಟುಗಳ ಮಾತು ಕೊಟ್ಟಿದೆ, ಸಿಕ್ಕಿರುವುದು ಎರಡೇ. ಮೂರನೆಯದರ ಜಾಗದಲ್ಲಿ `30`, ಅಂದರೆ ಸದಸ್ಯ ಸಂಖ್ಯೆಯ ಮೊದಲ ಸೊನ್ನೆ. ಸರಿಯಾಗಿ ಬರೆದ ತಂತ್ರಾಂಶ ಅದು `10` ಎಂದು ಶುರುವಾಗಿಲ್ಲ ಎಂಬುದನ್ನು ಗಮನಿಸಿ, ಅರ್ಧ ಉಳಿದ ತುಣುಕಿನ ಬದಲು � ಹಾಕಿ, ಸೊನ್ನೆಯನ್ನು ಹಾಗೆಯೇ ಉಳಿಸುತ್ತದೆ. ಮೊದಲ ಬೈಟನ್ನಷ್ಟೇ ನಂಬಿ ಕಣ್ಣುಮುಚ್ಚಿ ಮೂರು ಹೆಜ್ಜೆ ಹಾಕುವ ತಂತ್ರಾಂಶ ಸೊನ್ನೆಯನ್ನೂ ನುಂಗಿ 047 ಎಂದು ಓದುತ್ತದೆ. ಆ ಕಡೆ ಎರಡೂ ಬಗೆಯವು ಇದ್ದವು. ದೂರಿನಲ್ಲಿ ಎರಡು ಬಗೆಯ ಲಕ್ಷಣ ಇದ್ದದ್ದು ಅದಕ್ಕೇ. ಮೊದಲ ಬೈಟ್ ಉದ್ದವನ್ನು ಹೇಳುತ್ತದೆ, ನಿಜ. ಹೇಳಿದಷ್ಟು ಬೈಟುಗಳು ಇವೆಯೇ ಎಂದು ನೋಡುವುದು ಓದುವವರ ಹೊಣೆ.

ಇನ್ನೊಂದು ಸುಳಿವು. ಕಡತದಲ್ಲಿ `ef bf bd` ಕಂಡರೆ ಅದು � ಚಿಹ್ನೆಯದೇ ಬೈಟುಗಳು. ಹಾಗೆಂದರೆ ಮೊದಲೇ ಯಾರೋ ಮುರಿದ ಅಕ್ಷರವನ್ನು ಓದಿ, ಬದಲಿ ಚಿಹ್ನೆಯೊಂದಿಗೆ ಮತ್ತೆ ಉಳಿಸಿಬಿಟ್ಟಿದ್ದಾರೆ. ಆ ಕಡತದಲ್ಲಿ ಮೂಲ ಅಕ್ಷರವನ್ನು ಹುಡುಕಿ ಪ್ರಯೋಜನವಿಲ್ಲ, ಹಿಂದಿನ ಹಂತಕ್ಕೇ ಹೋಗಬೇಕು. ನಮ್ಮದರಲ್ಲಿ ಅದು ಇರಲಿಲ್ಲ, ಬರೀ `e0 b2` ಇತ್ತು. ಆದ್ದರಿಂದ ಕತ್ತರಿ ಆಡಿದ್ದು ನಮ್ಮ ಕಡೆಯೇ ಎಂಬುದು ಖಚಿತವಾಯಿತು.

ತಿದ್ದುಪಡಿ ಚಿಕ್ಕದು:

```python
def cut(b, n):
    if len(b) <= n:
        return b
    while n > 0 and b[n] & 0xC0 == 0x80:
        n -= 1
    return b[:n]
```

ಕತ್ತರಿಸಿದಾಗ ಹೊರಗುಳಿಯುವ ಮೊದಲ ಬೈಟ್ ಯಾವುದೆಂದು ಇದು ನೋಡುತ್ತದೆ. ಅದು ಮುಂದುವರಿಕೆಯಾಗಿದ್ದರೆ ಅಕ್ಷರದ ನಡುವೆ ನಿಂತಿದ್ದೇವೆ ಎಂದರ್ಥ, ಆರಂಭದ ಬೈಟ್ ಸಿಗುವವರೆಗೆ ಹಿಂದೆ ಸರಿಯಬೇಕು. ಲಕ್ಷ್ಮಮ್ಮನ ವಿಷಯದಲ್ಲಿ 20ರಿಂದ 18ಕ್ಕೆ ಬಂದು ನಿಲ್ಲುತ್ತದೆ. ಉಳಿದ ಎರಡು ಬೈಟಿಗೆ ಖಾಲಿ ಜಾಗ ತುಂಬಿದರೆ ಸದಸ್ಯ ಸಂಖ್ಯೆ ತನ್ನ ಸ್ಥಾನದಲ್ಲೇ ಇರುತ್ತದೆ.

ಇಷ್ಟಾದರೂ ಹೆಸರು ‘ಲಕ್ಷ್ಮ’ ಆಯಿತೇ ಹೊರತು ಲಕ್ಷ್ಮಮ್ಮ ಆಗಲಿಲ್ಲ. ಮಿತಿ 15 ಆಗಿದ್ದರೆ ‘ಲಕ್ಷ್’ ಎಂದು ಅರ್ಧಾಕ್ಷರಕ್ಕೆ ನಿಲ್ಲುತ್ತಿತ್ತು, ಮತ್ತು ಯುಟಿಎಫ್-8ರ ಲೆಕ್ಕದಲ್ಲಿ ಅದರಲ್ಲಿ ಒಂದು ತಪ್ಪೂ ಇರುತ್ತಿರಲಿಲ್ಲ. ಒತ್ತು, ಕಾಗುಣಿತ ಯಾವುದೂ ಮೊದಲ ಬೈಟಿಗೆ ತಿಳಿಯದು. ಒಂದು ಸಂಕೇತ ಎಲ್ಲಿ ಮುಗಿಯುತ್ತದೆ ಎಂಬುದಷ್ಟೇ ಅದರ ತಿಳಿವಳಿಕೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ್ ಮತ್ತು ಕು ಕೂಡಿಕೊಳ್ಳದಂತೆ ನಡುವೆ ಇಡುವ ಕಣ್ಣಿಗೆ ಕಾಣದ ಚಿಹ್ನೆಯೂ `e2 80 8c` ಎಂದು ಮೂರು ಬೈಟ್ ತಿನ್ನುತ್ತದೆ. ಆ ಒಂದು ಹೆಸರಿಗೇ 33 ಬೈಟ್ ಬೇಕು. ಹಾಗಾಗಿ ಕತ್ತರಿಯನ್ನು ಇನ್ನಷ್ಟು ಜಾಣ ಮಾಡುವುದನ್ನು ಬಿಟ್ಟು, ಆ ಕಡೆಯವರೊಂದಿಗೆ ಮಾತಾಡಿ ಹೆಸರಿನ ಅಂಕಣವನ್ನೇ 120 ಬೈಟಿಗೆ ಹಿಗ್ಗಿಸಿದೆವು, 40 ಸಂಕೇತಕ್ಕೆ ತಲಾ ಮೂರು. `cut` ಇನ್ನೂ ಅಲ್ಲೇ ಇದೆ. ತಂದೆಯ ಹೆಸರು, ಊರಿನ ಹೆಸರು ಎಲ್ಲವನ್ನೂ ಒಂದೇ ಅಂಕಣಕ್ಕೆ ತುರುಕುವವರು ಇದ್ದೇ ಇದ್ದಾರೆ.