ಆಡಿಟ್ ಕಮಿಟಿಯ ಹಾಜರಿ ಪಟ್ಟಿ

ನಮ್ಮ ಹುಬ್ಬಳ್ಳಿ ಆಫೀಸಿನ ಕಂಪನಿ ರಿವ್ಯೂ ಶೀಟಿನಲ್ಲಿ ಗವರ್ನೆನ್ಸ್‌ಗೆ, ಅಂದರೆ ಕಂಪನಿ ನಡೆಸುವವರ ಮೇಲಿನ ನಿಗಾಕ್ಕೆ, ಒಂದೇ ಕಾಲಂ. ಬೋರ್ಡಿನಲ್ಲಿ ಅರ್ಧದಷ್ಟು ಮಂದಿ ಇಂಡಿಪೆಂಡೆಂಟ್ ಡೈರೆಕ್ಟರ್‌ಗಳು, ಅಂದರೆ ಮಾಲೀಕರ ಕಡೆಯವರಲ್ಲದವರು, ಇದ್ದರೆ 'ಓಕೆ', ಮುಗೀತು. ಈ ಕಾಲಂ ಮೇಲೆ ನನಗೆ ಈಗಲೂ ಸಿಟ್ಟಿದೆ.

ಮೊನ್ನೆ ಗದಗದ ಹಳೆಯ ಗ್ರಾಹಕರೊಬ್ಬರು ಒಂದು ಕಂಪನಿಗೆ ದೊಡ್ಡ ಮೊತ್ತ ಹಾಕಬೇಕೆಂದು ಬಂದಿದ್ದರು. ಶೀಟು 'ಓಕೆ' ಅಂದಿತ್ತು. ನಾನು ವಾರ್ಷಿಕ ವರದಿ ತೆರೆದು ಕಾರ್ಪೊರೇಟ್ ಗವರ್ನೆನ್ಸ್ ರಿಪೋರ್ಟಿಗೆ ಹೋದೆ.

"ಎಂಟರಾಗ ನಾಲ್ಕು ಮಂದಿ ಇಂಡಿಪೆಂಡೆಂಟ್ ಅದಾರಲ್ರೀ, ಮತ್ತೇನ್ ನೋಡೋದು?" ಅಂದರು.

ಬೋರ್ಡಿನ ಮಟ್ಟಿಗೆ ಅವರ ಮಾತು ಸರಿ. ಚೇರ್ಮನ್ ಪ್ರಮೋಟರೇ, ಅಂದರೆ ಕಂಪನಿಯ ಹಿಡಿತ ಇಟ್ಟುಕೊಂಡವರೇ, ಆಗಿದ್ದರೆ ಶೇರುಪೇಟೆಯ ನಿಯಂತ್ರಕ ಸೆಬಿ ಕೇಳುವುದು ಅರ್ಧ. ಆದರೆ ಪ್ರಮೋಟರ್ ಕಡೆಯ ಕಂಪನಿಗಳ ಜೊತೆ ನಡೆಯುವ ವ್ಯವಹಾರಕ್ಕೆ ಒಪ್ಪಿಗೆ ಕೊಡುವುದು ಆಡಿಟ್ ಕಮಿಟಿ, ಅದರಲ್ಲೂ ಅಲ್ಲಿನ ಇಂಡಿಪೆಂಡೆಂಟ್ ಸದಸ್ಯರು ಮಾತ್ರ. ಹಾಗಾಗಿ ನಾನು ನೋಡಿದ್ದು ಆ ಕಮಿಟಿಯ ಹಾಜರಿ ಪಟ್ಟಿ.

ಮೂವರು ಸದಸ್ಯರು: ಇಬ್ಬರು ಇಂಡಿಪೆಂಡೆಂಟ್, ಮೂರನೆಯವರು ಎಂಡಿ. ಮೂರರಲ್ಲಿ ಎರಡು ಪಾಲು, ಅದೂ ಸರಿ. ವರ್ಷದಲ್ಲಿ 4 ಮೀಟಿಂಗ್. ಆದರೆ ಒಬ್ಬರ ಹಾಜರಿ 2! ಕೋರಂಗೆ, ಅಂದರೆ ಮೀಟಿಂಗ್ ನಡೆಸಲು ಬೇಕಾದ ಹಾಜರಿಗೆ, ಕನಿಷ್ಠ ಇಬ್ಬರು ಇಂಡಿಪೆಂಡೆಂಟ್ ಇರಲೇಬೇಕು, ಇರೋರೇ ಇಬ್ಬರು. ಹಾಗಾದರೆ ಉಳಿದ ಎರಡು ಮೀಟಿಂಗ್ ನಡೆದದ್ದಾದರೂ ಹೇಗೆ? ಗ್ರಾಹಕರು ನನ್ನ ಮುಖವನ್ನೇ ನೋಡುತ್ತಿದ್ದರು, ಬಾಸ್ ಕ್ಯಾಬಿನ್‌ನಿಂದ ಎರಡು ಸಲ ಇಣುಕಿ ಹೋದರು, ನಾನು ಪಟ್ಟಿಯ ಕೆಳಗಿನ ಸಣ್ಣ ಅಕ್ಷರ ಹುಡುಕುತ್ತಿದ್ದೆ.

ಉತ್ತರ ಅಲ್ಲೇ ಇತ್ತು. ಆ ಸದಸ್ಯರು ಸೇರಿದ್ದು ಅಕ್ಟೋಬರಿನಲ್ಲಿ. ಅವರ ಜಾಗದಲ್ಲಿದ್ದವರು ಮೊದಲ ಎರಡು ಮೀಟಿಂಗ್‌ಗೆ ಬಂದು ಆಗಸ್ಟಿನಲ್ಲಿ ರಾಜೀನಾಮೆ ಕೊಟ್ಟಿದ್ದರು. ಕೋರಂ ತಪ್ಪಿರಲಿಲ್ಲ.

ಆದರೆ 5 ವರ್ಷಕ್ಕೆ ಬಂದವರು 2 ವರ್ಷಕ್ಕೇ ಯಾಕೆ ಹೋದರು? ರಿಪೋರ್ಟಿನಲ್ಲಿ 'ಬೇರೆ ಕೆಲಸಗಳ ಒತ್ತಡ' ಅಂತಿತ್ತು. ಹೀಗೆ ಮಧ್ಯೆ ಬಿಟ್ಟರೆ ರಾಜೀನಾಮೆ ಪತ್ರವನ್ನೇ 7 ದಿನದೊಳಗೆ ಶೇರುಪೇಟೆಗೆ ಕಳಿಸಬೇಕು, ಅವರು ಡೈರೆಕ್ಟರ್ ಆಗಿರುವ ಬೇರೆ ಲಿಸ್ಟೆಡ್ ಕಂಪನಿಗಳ ಹೆಸರೂ ಅದರ ಜೊತೆ ಬರುತ್ತದೆ. ಬಿಎಸ್‌ಇ ಸೈಟಿನಲ್ಲಿ ತೆಗೆದೆ. ಇನ್ನೂ ಮೂರು ಬೋರ್ಡುಗಳಲ್ಲಿ ಅವರಿದ್ದರು. ಅವು ಯಾವುದನ್ನೂ ಬಿಟ್ಟಿರಲಿಲ್ಲ. ನವೆಂಬರಿನಲ್ಲಿ ನಾಲ್ಕನೆಯದನ್ನು ಸೇರಿದ್ದರು.

ಇಷ್ಟರಿಂದಲೇ ಕಂಪನಿಯಲ್ಲಿ ಗೋಲ್‌ಮಾಲ್ ಇದೆ ಅಂತ ಹೇಳಲಾಗದು, ಗ್ರಾಹಕರಿಗೂ ಹಾಗೆ ಹೇಳಲಿಲ್ಲ. ಆದರೆ ಮುಂದೆ ಎಲ್ಲಿ ನೋಡಬೇಕು ಅನ್ನೋದು ಗೊತ್ತಾಯ್ತು. ಲೆಕ್ಕಪತ್ರದ ಕೊನೆಯಲ್ಲಿರುವ ರಿಲೇಟೆಡ್ ಪಾರ್ಟಿ ನೋಟ್ ತೆಗೆದರೆ, ಪ್ರಮೋಟರ್ ಕಡೆಯ ಕಂಪನಿಯೊಂದಕ್ಕೆ ಆ ವರ್ಷ ಸಾಲ ಕೊಟ್ಟದ್ದು ಕಂಡಿತು. ಹಿಂದಿನ ವರ್ಷದ ಕಾಲಂನಲ್ಲಿ ಆ ಜಾಗದಲ್ಲಿ ಬರೀ ಗೆರೆ, ಅಂದರೆ ಸೊನ್ನೆ.

"ಸಾಲದ ಬಡ್ಡಿ ಬರ್ತದೋ ಇಲ್ಲೋ ನೋಡೋಣ್ರೀ, ಅಲ್ಲೀತನಕ ಬ್ಯಾಡ" ಅಂದು ಗ್ರಾಹಕರು ಎದ್ದರು. ಸಂಜೆ ಬಾಸ್ ಹತ್ತಿರ ಶೀಟಿಗೆ ಮೂರು ಕಾಲಂ ಕೇಳಿದೆ: ಕಮಿಟಿ ಹಾಜರಿ, ಮಧ್ಯದಲ್ಲಿ ಬಿಟ್ಟವರು, ರಾಜೀನಾಮೆ ಪತ್ರ. ಸಿಕ್ಕಿದ್ದು ಒಂದು. ಉಳಿದೆರಡಕ್ಕೆ ಮುಂದಿನ ವಾರ ಮತ್ತೆ ಕೇಳುತ್ತೇನೆ.